ಹೆಕ್ಸೇನ್ ಬೆಂಕಿಗೆ ಅನಿಲ, ಸೋಡಿಯಂ ಬೆಂಕಿಗೆ ಉಪ್ಪು: ನನ್ನ ಅನುಭವ

ಸಾವಯವ ರಸಾಯನಶಾಸ್ತ್ರದ ಸಂಶೋಧನಾ ಪ್ರಯೋಗಾಲಯವೊಂದರ ಹೊಣೆ ಹೊತ್ತಿದ್ದ ವರ್ಷಗಳಲ್ಲಿ ನಾನು ಎರಡು ಬೆಂಕಿಗಳನ್ನು ನನ್ನ ಕೈಯಾರೆ ಆರಿಸಿದ್ದೇನೆ. ಎರಡೂ ಚಿಕ್ಕವೇ, ಎರಡೂ ಹೊತ್ತಿಕೊಂಡದ್ದು ಹೊಗೆ, ಆವಿಗಳನ್ನು ಹೊರಗೆಳೆಯುವ ಒಂದೇ ಗಾಜಿನ ಕಪಾಟಿನಲ್ಲಿ, ಅಂದರೆ ಫ್ಯೂಮ್ ಹುಡ್‌ನಲ್ಲಿ. ಆದರೆ ಮೊದಲನೆಯದನ್ನು ನಂದಿಸಿದ ಅಗ್ನಿಶಾಮಕ ಸಿಲಿಂಡರನ್ನು ಎರಡನೆಯದರ ಮೇಲೆ ಪ್ರಯೋಗಿಸಿದ್ದರೆ ಬೆಂಕಿ ಇನ್ನಷ್ಟು ಕೆರಳುತ್ತಿತ್ತು.

ಮೊದಲನೆಯದು ಹೆಕ್ಸೇನ್ ಎಂಬ ದ್ರಾವಕದ ಬೆಂಕಿ. 250 ಮಿಲಿಲೀಟರಿನ ಬೀಕರಿನಲ್ಲಿ ಅರ್ಧದಷ್ಟಿದ್ದ ಹೆಕ್ಸೇನನ್ನು ಯಾರೋ ಕಾದ ಹಾಟ್‌ಪ್ಲೇಟಿನ ಪಕ್ಕದಲ್ಲಿ ಇಟ್ಟಿದ್ದರು. ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ಹುಡ್‌ನ ನೆಲದ ಮೇಲೆ ಹರಿದು ಪ್ಲೇಟನ್ನು ಮುಟ್ಟಿ, ಜ್ವಾಲೆ ಬೀಕರಿಗೆ ಹಿಂತಿರುಗಿತು. ಇಂಥ ಬೆಂಕಿಯಲ್ಲಿ ಉರಿಯುವುದು ದ್ರವವಲ್ಲ, ಅದರ ಮೇಲಿನ ಆವಿ. ಅದಕ್ಕೆ ಗಾಳಿ ಸಿಗದಂತೆ ಮಾಡಿದರೆ ಸಾಕು. ಬೀಕರಿನ ಬಾಯಿಗೆ ವಾಚ್ ಗ್ಲಾಸ್ ಮುಚ್ಚಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಗಾಬರಿಯಲ್ಲಿ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರನ್ನು ಎತ್ತಿ, ತೀರ ಹತ್ತಿರದಿಂದ ನೇರವಾಗಿ ಬೀಕರಿನೊಳಕ್ಕೇ ಹೊಡೆದೆ. ಅನಿಲದ ರಭಸಕ್ಕೆ ಬೀಕರು ಉರುಳಿ, ಉರಿಯುವ ಹೆಕ್ಸೇನ್ ಹುಡ್‌ನ ಹಿಂಬದಿಯವರೆಗೂ ಹರಿಯಿತು. ಒಂದೂವರೆ ಮೀಟರಿನಷ್ಟು ಹಿಂದೆ ಸರಿದು, ಅನಿಲವು ಜ್ವಾಲೆಯ ಬುಡದ ಮೇಲೆ ಮೋಡದಂತೆ ಕವಿಯುವ ಹಾಗೆ ಅಡ್ಡಡ್ಡಲಾಗಿ ಬೀಸಿದಾಗ ಬೆಂಕಿ ಆರಿತು.

ಆರಿತೆಂದು ಸಿಲಿಂಡರನ್ನು ಕೆಳಗಿಡುವಷ್ಟರಲ್ಲಿ ಮತ್ತೆ ಹೊತ್ತಿಕೊಂಡಿತು. ಈ ಅನಿಲ ಗಾಳಿಯನ್ನು ದೂಡುತ್ತದೆಯೇ ಹೊರತು ಬಿಸಿಯನ್ನು ಹೆಚ್ಚೇನೂ ಇಳಿಸುವುದಿಲ್ಲ. ಹೆಕ್ಸೇನ್ ಆವಿ ಕಿಡಿಯೇ ಇಲ್ಲದೆ ಸುಮಾರು 225 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಟ್‌ಪ್ಲೇಟು 300 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಪ್ಲೇಟಿನ ವಿದ್ಯುತ್ ಕಡಿದು, ಎರಡನೆಯ ಬಾರಿ ಅನಿಲ ಬಿಟ್ಟ ಮೇಲಷ್ಟೇ ಅದು ನಿಜವಾಗಿ ಆರಿತು. ಅಷ್ಟರಲ್ಲಿ ಸಿಲಿಂಡರು ಬಹುಪಾಲು ಖಾಲಿಯಾಗಿತ್ತು. ಅಂದಿನಿಂದ ನನ್ನ ನಿಯಮವೆಂದರೆ, ಮೊದಲು ಸ್ವಿಚ್, ಆಮೇಲೆ ಸಿಲಿಂಡರು. ಒಂದು ಸಿಲಿಂಡರಿಗೆ ಬಗ್ಗದ ಬೆಂಕಿಯಾದರೆ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡುವುದು.

ಎರಡನೆಯದು ಸೋಡಿಯಂ ಬೆಂಕಿ. ವಿದ್ಯಾರ್ಥಿಯೊಬ್ಬ ಸೀಮೆಎಣ್ಣೆಯಿಂದ ತೆಗೆದ ಸೋಡಿಯಮ್ಮಿನ ಬಟಾಣಿ ಗಾತ್ರದ ಚೂರುಗಳನ್ನು ಫಿಲ್ಟರ್ ಪೇಪರಿನಲ್ಲಿ ಒರೆಸಿ, ಆ ಪೇಪರನ್ನು ನೀರಿನ ಪಸೆಯಿದ್ದ ಜಾಗದಲ್ಲೇ ಇಟ್ಟುಬಿಟ್ಟ. ಪೇಪರು ಭಗ್ಗೆಂದಿತು, ಹಳದಿ ಜ್ವಾಲೆಯ ಮೇಲೆ ಗಂಟಲು ಕೆರೆಯುವ ದಟ್ಟ ಬಿಳಿ ಹೊಗೆ ಎದ್ದಿತು. ಲೋಹ ಉರಿಯುತ್ತಿದೆ ಎಂಬುದಕ್ಕೆ ಆ ಹೊಗೆಯೇ ಗುರುತು. ಅವನು ಆಗಲೇ ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರಿನ ಪಿನ್ ಎಳೆದಿದ್ದ. "ಬೇಡಪ್ಪ, ಅದನ್ನು ಕೆಳಗಿಡು" ಎಂದು ನಾನು ಕೂಗಬೇಕಾಯಿತು.

ಉರಿಯುವ ಮೆಗ್ನೀಸಿಯಂ ಪಟ್ಟಿಯನ್ನು ಕಾರ್ಬನ್ ಡೈ ಆಕ್ಸೈಡ್ ತುಂಬಿದ ಜಾಡಿಯೊಳಗೆ ಇಳಿಸಿದರೆ ಅದು ಆರದೆ ಉರಿಯುತ್ತಲೇ ಇದ್ದು, ಬಿಳಿ ಬೂದಿಯ ನಡುವೆ ಇಂಗಾಲದ ಕಪ್ಪು ಚುಕ್ಕೆಗಳನ್ನು ಉಳಿಸುವುದನ್ನು ಹಲವರು ಕಾಲೇಜಿನಲ್ಲಿ ನೋಡಿರುತ್ತಾರೆ. ಲೋಹವು ಆ ಅನಿಲದಿಂದಲೇ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಉರಿಯುವ ಸೋಡಿಯಮ್ಮಿನ ಸ್ವಭಾವವೂ ಹಾಗೆಯೇ. ನೀರು ಬಿದ್ದರಂತೂ ಹೈಡ್ರೋಜನ್ ಹುಟ್ಟಿ ಸಿಡಿಯುತ್ತದೆ. ಗೋಡೆಗೆ ತೂಗುಹಾಕಿರುವ ಸಾಮಾನ್ಯ ಎಬಿಸಿ ಪುಡಿಯ ಸಿಲಿಂಡರು ದ್ರಾವಕಕ್ಕೆ ನಡೆಯುತ್ತದೆ, ಆದರೆ ಲೋಹಕ್ಕೆ ಆ ಪುಡಿ ಹೊಂದುವುದಿಲ್ಲ. ಅದರ ಒತ್ತಡವೂ ಉರಿಯುವ ಚೂರುಗಳನ್ನು ದಿಕ್ಕಾಪಾಲು ಮಾಡುತ್ತದೆ. ಲೋಹದ ಬೆಂಕಿಗೆಂದೇ ಇರುವ ಡಿ ವರ್ಗದ ಸಿಲಿಂಡರು ಪುಡಿಯನ್ನು ಮೆಲ್ಲಗೆ ಸುರಿಸುವಂತೆ ರೂಪಿಸಿದ್ದು ಈ ಕಾರಣಕ್ಕೇ.

ನಮ್ಮಲ್ಲಿ ಆ ಸಿಲಿಂಡರು ಇರಲಿಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಣಗಿಸಿಟ್ಟ ಉಪ್ಪಿನ ಪುಡಿ ಇತ್ತು. ಹುಡ್‌ನ ಗಾಜನ್ನು ಕೈ ತೂರುವಷ್ಟು ಮಾತ್ರ ತೆರೆದು, ಉದ್ದ ಹಿಡಿಯ ಸೌಟಿನಿಂದ ಅಂಚಿನಿಂದ ಒಳಕ್ಕೆ, ಎತ್ತರದಿಂದ ಚೆಲ್ಲದೆ ಉಪ್ಪನ್ನು ಜಾರಿಸುತ್ತಾ ಎರಡು ಬೆರಳು ದಪ್ಪ ಹೊದಿಸಿದೆ. ಹೊಗೆ ಎದ್ದ ಕಡೆಯಲ್ಲೆಲ್ಲ ಇನ್ನೊಂದು ಸೌಟು ಹಾಕಿದೆ. ಹೊಗೆ ನಿಂತಿತೆಂದು ಕೆದಕಬಾರದು. ಹೊದಿಕೆ ಬಿರಿದರೆ ಒಳಗಿನ ಬಿಸಿ ಲೋಹಕ್ಕೆ ಗಾಳಿ ಸಿಕ್ಕಿ ಮತ್ತೆ ಹೊತ್ತುತ್ತದೆ.

ಕಾರಿಡಾರಿನ ಮರಳಿನ ಬಕೆಟ್ಟನ್ನು ನಾನು ಮುಟ್ಟಲಿಲ್ಲ. ಅದಕ್ಕೆ ಕೆಲವು ವಾರ ಮುಂಚೆ ಆ ಮರಳನ್ನು ಒಂದಿಷ್ಟು ಪ್ರನಾಳದಲ್ಲಿ ಹಾಕಿ ಕಾಯಿಸಿದಾಗ, ಮೇಲಿನ ತಣ್ಣನೆಯ ಗಾಜಿನ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದವು. ಒದ್ದೆ ಮರಳನ್ನು ಸೋಡಿಯಮ್ಮಿನ ಮೇಲೆ ಹಾಕುವುದೆಂದರೆ ನೀರು ಹಾಕಿದಂತೆಯೇ. ಮರಳನ್ನೇ ನೆಚ್ಚಿಕೊಳ್ಳುವುದಾದರೆ ಒಲೆಯಲ್ಲಿ ಒಣಗಿಸಿ ಮುಚ್ಚಿಡಬೇಕು, ಆಗಾಗ ಹೀಗೆ ಪರೀಕ್ಷಿಸಬೇಕು. ಲಿಥಿಯಮ್ಮಿಗಾದರೆ ಒಣ ಮರಳೂ ಬೇಡ, ಅದು ಮರಳಿನೊಡನೆಯೇ ವರ್ತಿಸುತ್ತದೆ. ಅಲ್ಲಿ ಗ್ರಾಫೈಟ್ ಪುಡಿ ಬೇಕು.

ರಾತ್ರಿಯಿಡೀ ಮುಟ್ಟದೆ ಬಿಟ್ಟು, ಮರುದಿನ ಅದೇ ಹುಡ್‌ನಲ್ಲಿ ಆ ಉಪ್ಪುಗಡ್ಡೆಯನ್ನು, ಒಳಗೆ ಉಳಿದ ಸೋಡಿಯಂ ಸಿಡಿಯದೆ ನಿಧಾನವಾಗಿ ಮುಗಿಯಲೆಂದು, ಚೂರುಚೂರಾಗಿ ಒಣ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಹಾಕಿದೆವು. ಉಳಿದ ಲೋಹದಿಂದ ಗುಳ್ಳೆಗಳು ಏಳುತ್ತಿದ್ದವು. ಅವು ಪೂರ್ತಿ ನಿಂತ ಮೇಲೆ ಎಥನಾಲ್, ಅದು ಶಾಂತವಾದ ಮೇಲೆ ಹನಿಹನಿಯಾಗಿ ನೀರು.