ಬೆನ್ನ ಮೇಲಿನ ಚಿಬ್ಬು: ಹೋಗಿದ್ಯಾ, ಇನ್ನೂ ಇದ್ಯಾ, ಮತ್ತೆ ಬಂತಾ?

ಕರಾವಳಿಯಲ್ಲಿ ಏಪ್ರಿಲ್ ಬಂತು ಅಂದ್ರೆ ನಮ್ಮ ಮೆಡಿಕಲ್ ಶಾಪ್ ಕೌಂಟರ್ ಮುಂದೆ ಒಂದು ಸೀನ್ ಗ್ಯಾರಂಟಿ. ಯಾರೋ ಒಬ್ರು ಆಚೀಚೆ ನೋಡಿ, ಬೇರೆ ಗಿರಾಕಿ ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ಕಾಲರ್ ಹಿಂದಕ್ಕೆ ಎಳೆದು ಕುತ್ತಿಗೆ ತೋರಿಸ್ತಾರೆ. ಒಂದ್ಸಲ ಹೀಗೆ ಬಂದವ್ನು ಹೋಟೆಲಲ್ಲಿ ದೋಸೆ ಕಾವಲಿ ಮುಂದೆ ನಿಲ್ಲೋ ಹುಡುಗ, 23 ವರ್ಷ. "ಅಣ್ಣ, ಹೋದ್ ವರ್ಷ ನೀವು ಕೊಟ್ಟ ಕ್ರೀಮ್ ಹಚ್ಚಿದ್ದೆ, ಹೋಗ್ಲೇ ಇಲ್ಲ, ಈಗ ಇನ್ನೂ ಜಾಸ್ತಿ ಆಗಿದೆ" ಅಂದ. ಹಚ್ಚಿದ್ದು ಎಷ್ಟು ದಿನ ಅಂತ ಕೇಳಿದ್ರೆ ಒಂದು ಟ್ಯೂಬ್, ಎರಡು ದಿನಕ್ಕೇ ಖಾಲಿ ಆಯ್ತಂತೆ.

ಅವನದ್ದು ಚಿಬ್ಬು, ಫಂಗಸ್ಸಿಂದ ಬರೋ ಚರ್ಮದ ಕಲೆ. ಬೆನ್ನು, ಹೆಗಲು, ಎದೆ ಮೇಲೆ ಮೈಬಣ್ಣಕ್ಕಿಂತ ಸ್ವಲ್ಪ ತಿಳಿಯಾದ ಕಲೆಗಳು, ಕೆಲವು ಬಟಾಣಿ ಕಾಳಿನಷ್ಟು, ಕೆಲವು ಒಂದಕ್ಕೊಂದು ಕೂಡ್ಕೊಂಡು ಮ್ಯಾಪ್ ಥರ. ತುರಿಕೆ ಇರಲ್ಲ, ಇದ್ರೂ ಬೆವರಿದಾಗ ಸ್ವಲ್ಪ ಚುರುಚುರು ಅಷ್ಟೆ. ಮಾತ್ರೆ, ಕ್ರೀಮ್, ಶಾಂಪೂ ಎಲ್ಲ ಇದ್ರೂ ಜನ ಇದ್ರ ಜೊತೆ ವರ್ಷಗಟ್ಟಲೆ ಒದ್ದಾಡೋದು ಯಾಕಂದ್ರೆ "ಕಲೆ ಇನ್ನೂ ಇದೆ" ಅನ್ನೋದಕ್ಕೂ "ಫಂಗಸ್ ಇನ್ನೂ ಇದೆ" ಅನ್ನೋದಕ್ಕೂ ಇರೋ ವ್ಯತ್ಯಾಸ ಯಾರೂ ಹೇಳಿರಲ್ಲ.

ಮೊದಲು: ಇದು ಚಿಬ್ಬೇನಾ ನೋಡ್ಕೊಳ್ಳಿ

ಮನೆಯಲ್ಲೇ ಮಾಡಬಹುದಾದ ಟೆಸ್ಟ್ ಒಂದಿದೆ. ಸ್ನಾನಕ್ಕೆ ಮುಂಚೆ, ಮೈ ಒಣಗಿದ್ದಾಗ, ಕಲೆ ಇರೋ ಚರ್ಮನ ಎರಡು ಬೆರಳಲ್ಲಿ ಎಳೆದು ಹಿಡಿದು ಉಗುರಲ್ಲಿ ಮೆಲ್ಲಗೆ ಕೆರೆಯೋಕೆ ಹೇಳಿ. ಚಿಬ್ಬಾದ್ರೆ ಸಣ್ಣ ತೌಡಿನ ಥರ ಪುಡಿ ಏಳತ್ತೆ. ಸ್ಕಿನ್ ಡಾಕ್ಟರ್ ಹತ್ರ ಹೋದ್ರೆ ಅದೇ ಪುಡಿನ ಸ್ಲೈಡ್ ಮೇಲೆ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ, ತುಂಡು ತುಂಡು ಎಳೆಗಳ ಮಧ್ಯ ದುಂಡು ಕಣಗಳು, ಶಾವಿಗೆ ಜೊತೆ ಸಾಬಕ್ಕಿ ಚೆಲ್ಲಿದ ಹಾಗೆ ಕಾಣತ್ತೆ.

ಪುಡಿ ಏಳದೆ, ಹಾಲಿನ ಹಾಗೆ ಅಚ್ಚ ಬಿಳಿ ಇದ್ರೆ ಅದು ತೊನ್ನು ಇರಬಹುದು, ಅದ್ರ ದಾರಿಯೇ ಬೇರೆ. ಇನ್ನೊಂದು ಮಾತ್ರ ಮರೀಬೇಡಿ: ತಿಳಿ ಬಣ್ಣದ ಕಲೆ ಮೇಲೆ ಹತ್ತಿ ಎಳೆ ಸೋಕಿಸಿದ್ರೆ ಗೊತ್ತಾಗ್ತಾ ಇಲ್ಲ, ಅಥವಾ ಅಲ್ಲಿ ಬಿಸಿ ತಣ್ಣಗಿನ ಫರಕ್ ತಿಳೀತಿಲ್ಲ ಅಂದ್ರೆ ಕುಷ್ಠ ಇದ್ಯಾ ಅಂತ ಚೆಕ್ ಮಾಡಿಸ್ಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಔಷಧಿ ಫ್ರೀ, ಪೂರ್ತಿ ವಾಸಿಯಾಗತ್ತೆ, ಆದ್ರೆ ಚಿಬ್ಬು ಅಂತ ಅಂದ್ಕೊಂಡು ಶಾಂಪೂ ಹಾಕ್ತಾ ಕೂತ್ರೆ ನರ ಹಾಳಾಗತ್ತೆ.

ಇದು ಎಲ್ಲಿಂದ ಬಂತು

ಎಲ್ಲಿಂದಾನೂ ಬಂದಿಲ್ಲ, ನಿಮ್ಮ ಮೈ ಮೇಲೇ ಇತ್ತು. ಮಲಸೇಝಿಯಾ ಅನ್ನೋ ಯೀಸ್ಟ್, ಅಂದ್ರೆ ಒಂದು ಜಾತಿ ಫಂಗಸ್, ದೊಡ್ಡವರಾದ ಎಲ್ಲರ ಚರ್ಮದ ಮೇಲೂ ವಾಸ ಮಾಡತ್ತೆ, ತಲೆಯಲ್ಲಿ ಹೊಟ್ಟಿಗೂ ಅದಕ್ಕೂ ನಂಟಿದೆ. ಚರ್ಮ ಬಿಡೋ ಜಿಡ್ಡೇ ಅದ್ರ ಊಟ, ಲ್ಯಾಬಲ್ಲಿ ಬೆಳೆಸ್ಬೇಕಾದ್ರೂ ಆಲಿವ್ ಎಣ್ಣೆ ಥರದ್ದು ಹಾಕ್ಬೇಕಾಗತ್ತೆ. ಅದಕ್ಕೇ ಜಿಡ್ಡು ಜಾಸ್ತಿ ಇರೋ ಹರೆಯದವರಿಗೆ, ಬೆನ್ನು ಎದೆ ಜಾಗಕ್ಕೆ ಹೆಚ್ಚು ಬರೋದು. ಸೆಕೆ, ಬೆವರು, ಮೈಗಂಟೋ ಬಟ್ಟೆ ಸೇರಿದಾಗ ಸುಮ್ನೆ ದುಂಡಗಿದ್ದ ಯೀಸ್ಟ್ ಎಳೆ ಬಿಟ್ಟು ಹಬ್ಬೋಕೆ ಶುರು ಮಾಡತ್ತೆ. ಗಲೀಜಿನಿಂದ ಬರೋದಲ್ಲ, ದಿನಕ್ಕೆ ಎರಡು ಸಲ ಸ್ನಾನ ಮಾಡೋರಿಗೂ ಬರತ್ತೆ. ಒಂದೇ ಟವೆಲ್ ಬಳಸಿದ್ರೆ ಅಂಟೋದೂ ಇಲ್ಲ, ಹಾಗಾಗಿ ಮನೆಯಲ್ಲಿ ಅವ್ನ ತಟ್ಟೆ ಲೋಟ ಬೇರೆ ಇಡೋ ನಾಟಕ ಬೇಡ.

ಬಣ್ಣ ಯಾಕೆ ತಿಳಿಯಾಗತ್ತೆ ಅಂದ್ರೆ, ಈ ಫಂಗಸ್ ಮಾಡೋ ಅಜೆಲಾಯಿಕ್ ಆಸಿಡ್ ಥರದ ವಸ್ತುಗಳು ಚರ್ಮಕ್ಕೆ ಬಣ್ಣ ಕೊಡೋ ಕಣಗಳ ಕೆಲಸ ನಿಧಾನ ಮಾಡತ್ವೆ. (ಅದೇ ಆಸಿಡನ್ನ ಮುಖದ ಬಂಗಿಗೆ ಕ್ರೀಮ್ ಮಾಡಿ ಮಾರ್ತಾರೆ, ನಾನೇ ಮಾರ್ತೀನಿ.) ಫಂಗಸ್ ಸತ್ತ ದಿನವೇ ಆ ಕಣಗಳು ಎದ್ದು ಕೆಲಸಕ್ಕೆ ಬರಲ್ಲ. ಬಣ್ಣ ಕೂಡೋಕೆ ಎರಡು ಮೂರು ತಿಂಗಳು, ಕೆಲವ್ರಿಗೆ ಇನ್ನೂ ಜಾಸ್ತಿ ಬೇಕು.

ಶಾಂಪೂನ ಬೆನ್ನಿಗೆ ಹಾಕೋ ಕ್ರಮ

ಹುಡುಗನ ಲೆಕ್ಕ ಎಲ್ಲಿ ತಪ್ಪಿತು ನೋಡಿ. ಬೆರಳಿನ ತುದಿ ಗೆಣ್ಣಿನುದ್ದ ಹಿಂಡಿದ ಕ್ರೀಮ್ ಸುಮಾರು ಅರ್ಧ ಗ್ರಾಂ. ದೊಡ್ಡವರ ಇಡೀ ಬೆನ್ನು ಮುಚ್ಚೋಕೆ ಅಂಥ ಏಳು ಬೇಕು, ಅಂದ್ರೆ ಮೂರೂವರೆ ಗ್ರಾಂ. ಕ್ಲೋಟ್ರಿಮಝೋಲ್ ಕ್ರೀಮ್ ದಿನಕ್ಕೆ ಎರಡು ಹೊತ್ತು ಹಚ್ಚಬೇಕು, ಹಾಗಾದ್ರೆ 7 ಗ್ರಾಂ ಆಯ್ತು, 15 ಗ್ರಾಂ ಟ್ಯೂಬ್ ಎರಡೇ ದಿನಕ್ಕೆ ಮುಗೀತು. ಕಡಿಮೆ ಅಂದ್ರೂ ಎರಡು ವಾರ ಹಚ್ಚಬೇಕಾದ್ದು, ಆರೇಳು ಟ್ಯೂಬ್ ಬೇಕು. ಯಾರು ತಗೋತಾರೆ? ಕುತ್ತಿಗೆ ಮೇಲೆ ನಾಲ್ಕು ಕಲೆ ಇದ್ರೆ ಕ್ರೀಮ್ ಸರಿ, ಬೆನ್ನು ಪೂರ್ತಿಗೆ ಶಾಂಪೂನೇ ಸರಿ.

ಕೀಟೋಕೊನಝೋಲ್ 2% ಶಾಂಪೂ ಕೇಳಿ ತಗೊಳ್ಳಿ. ಮೈ ಒದ್ದೆ ಮಾಡ್ಕೊಂಡು, ನಲ್ಲಿ ಬಂದ್ ಮಾಡಿ, ಅಂಗೈಗೆ ಎರಡು ಮೂರು ಚಮಚದಷ್ಟು ಹಾಕ್ಕೊಂಡು ಕುತ್ತಿಗೆಯಿಂದ ಸೊಂಟದ ತನಕ, ತೋಳಿನ ಮೇಲ್ಭಾಗಕ್ಕೂ ಹಚ್ಚಿ. ಕಲೆ ಇರೋ ಕಡೆ ಮಾತ್ರ ಅಲ್ಲ, ಸುತ್ತಲೂ ಅಗಲಕ್ಕೆ, ಯಾಕಂದ್ರೆ ಕಣ್ಣಿಗೆ ಕಾಣೋದಕ್ಕಿಂತ ಆಚೆನೂ ಫಂಗಸ್ ಇರತ್ತೆ. ಬೆನ್ನ ನಡು ಕೈಗೆ ಸಿಗಲ್ಲ, ಅಲ್ಲೇ ಜಾಸ್ತಿ ಇರೋದು ಕೂಡ, ಯಾರಾದ್ರೂ ಹಚ್ಚಿಕೊಡ್ಲಿ, ಇಲ್ಲಾಂದ್ರೆ ಉದ್ದ ಹಿಡಿಯ ಬಾತ್ ಬ್ರಷ್. ನೊರೆ ಬಂದ ಮೇಲೆ ಗಡಿಯಾರ ನೋಡಿ 5 ನಿಮಿಷ ಬಿಡಿ. ಹೆಚ್ಚಿನವರು ಇಲ್ಲೇ ಎಡವೋದು, ಹಚ್ಚಿದ ಕೂಡ್ಲೇ ತಂಬಿಗೆ ನೀರು ಸುರ್ಕೊಂಡ್ರೆ ದುಡ್ಡು ಮೋರಿಗೆ. ಐದು ನಿಮಿಷ ಆದ್ಮೇಲೆ ತೊಳೀರಿ. ಹೀಗೆ ದಿನಕ್ಕೊಂದು ಸಲ, 5 ದಿನ. ಅದೇ ಹೊತ್ತಿಗೆ ತಲೆಗೂ ಹಾಕ್ಕೊಳ್ಳಿ, ಯೀಸ್ಟಿನ ತವರುಮನೆ ಅದೇ.

ಅದಿಲ್ಲಾಂದ್ರೆ ಸೆಲೆನಿಯಮ್ ಸಲ್ಫೈಡ್ 2.5%, ಅದು 10 ನಿಮಿಷ, 7 ದಿನ. ವಾಸನೆ ಸ್ವಲ್ಪ ಬರತ್ತೆ, ಚೈನು ಉಂಗುರ ಬೆಳ್ಳಿ ಉಡಿದಾರ ತೆಗೆದಿಟ್ಟು ಹಚ್ಚಿ, ಇಲ್ಲಾಂದ್ರೆ ಬಣ್ಣ ಕೆಡತ್ತೆ. ಬಸುರಿಯರು, ಹಾಲು ಕೊಡೋ ತಾಯಂದಿರು ಯಾವುದನ್ನೂ ಡಾಕ್ಟರ್ ಕೇಳದೆ ಶುರು ಮಾಡಬೇಡಿ.

ಮಾತ್ರೆ ಕೇಳೋರಿಗೆ

ಇಡೀ ಮೈಗೆ ಹಬ್ಬಿದ್ರೆ, ಶಾಂಪೂಗೆ ಬಗ್ಗದೇ ಇದ್ರೆ ಡಾಕ್ಟರ್ ಮಾತ್ರೆ ಬರೀತಾರೆ, ಸಾಮಾನ್ಯವಾಗಿ ಫ್ಲುಕೊನಝೋಲ್ 300 ಮಿಲಿಗ್ರಾಂ ವಾರಕ್ಕೊಂದು ಸಲ ಎರಡು ವಾರ, ಅಥವಾ ಇಟ್ರಾಕೊನಝೋಲ್ ದಿನಕ್ಕೆ 200 ಐದರಿಂದ ಏಳು ದಿನ. ಲಿವರ್ ತೊಂದರೆ ಇರೋರು, ಹಾರ್ಟಿಗೆ ಕೊಲೆಸ್ಟ್ರಾಲಿಗೆ ರಕ್ತ ತೆಳು ಮಾಡೋಕೆ ಮಾತ್ರೆ ತಗೊಳ್ಳೋರು ಅದನ್ನ ಡಾಕ್ಟರಿಗೆ ಮೊದಲೇ ಹೇಳಬೇಕು, ಇವು ಬೇರೆ ಮಾತ್ರೆಗಳ ಜೊತೆ ಜಗಳ ಆಡತ್ವೆ. ಫ್ರೆಂಡಿಗೆ ಗಜಕರ್ಣಕ್ಕೆ ಬರೆದುಕೊಟ್ಟ ಟರ್ಬಿನಾಫಿನ್ ಮಾತ್ರೆ ಉಳಿದಿದೆ ಅಂತ ನುಂಗೋರಿದ್ದಾರೆ, ಚಿಬ್ಬಿಗೆ ಆ ಮಾತ್ರೆ ಫಲ ಕೊಡಲ್ಲ. ಕೀಟೋಕೊನಝೋಲ್ ಶಾಂಪೂ ಓಕೆ, ಅದೇ ಹೆಸರಿನ ಮಾತ್ರೆ ಚಿಬ್ಬಿಗೆ ಬೇಡ, ಲಿವರಿಗೆ ಏಟು.

ಇನ್ನು ಮಿಕ್ಸ್ ಕ್ರೀಮು. ಟ್ಯೂಬ್ ಹಿಂದೆ ಕ್ಲೋಬೆಟಸಾಲ್, ಬೆಟಾಮೆಥಸೋನ್ ಅಂತ ಇದ್ರೆ ಅದ್ರಲ್ಲಿ ಸ್ಟೀರಾಯ್ಡ್ ಇದೆ. ಮೂರು ದಿನಕ್ಕೆ ತಣ್ಣಗೆ ಅನ್ಸತ್ತೆ, ಒಳಗೆ ಫಂಗಸ್ ಆರಾಮಾಗಿ ಹಬ್ಬತ್ತೆ, ಚರ್ಮ ತೆಳುವಾಗತ್ತೆ, ಕೊನೆಗೆ ಸ್ಟೀರಾಯ್ಡೇ ಇನ್ನೊಂದು ಥರ ಬಿಳಿ ಕಲೆ ಮಾಡತ್ತೆ. ಲಿಂಬೆಹಣ್ಣು ಉಜ್ಜಿ ಬಿಸಿಲಿಗೆ ನಿಂತ ಒಬ್ರು ಬೆನ್ನು ಸುಟ್ಕೊಂಡು ಬಂದಿದ್ರು, ಬಿಳಿ ಹೋಗಿ ಕಪ್ಪು ಪಟ್ಟೆ.

ನಾಲ್ಕು ವಾರ ಆದ್ಮೇಲೆ ಮತ್ತೆ ಕೆರೆದು ನೋಡಿ

ಶುರು ಮಾಡೋ ದಿನ ಮೊಬೈಲಲ್ಲಿ ಬೆನ್ನಿನ ಫೋಟೋ ತೆಗೆಸಿಡಿ. ನಾಲ್ಕು ವಾರ ಬಿಟ್ಟು ಅದೇ ಉಗುರು ಟೆಸ್ಟ್. ಕಲೆ ಇದೆ, ಪುಡಿ ಇಲ್ಲ ಅಂದ್ರೆ ಫಂಗಸ್ ಹೋಗಿದೆ, ಬಣ್ಣ ಬರೋದು ಬಾಕಿ ಅಷ್ಟೆ, ಔಷಧಿ ನಿಲ್ಸಿ ಕಾಯಿರಿ. ಪುಡಿ ಇನ್ನೂ ಏಳ್ತಾ ಇದ್ರೆ ಹಚ್ಚಿದ್ದು ಸಾಲಲಿಲ್ಲ, ಅಥವಾ ಇದು ಚಿಬ್ಬಲ್ಲ, ಸ್ಕಿನ್ ಡಾಕ್ಟರ್ ಹತ್ರ ಹೋಗಿ. ಪುಡಿ ನಿಂತು ಬಣ್ಣ ಕೂಡಿ, ಆಮೇಲೆ ಸೆಕೆಗಾಲದಲ್ಲಿ ಪುಡಿ ಸಮೇತ ಹೊಸ ಕಲೆ ಬಂದ್ರೆ ಅದು ನಿಜವಾಗ್ಲೂ "ಮತ್ತೆ ಬಂದಿದ್ದು".

ಅದು ಬರೋದೇ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಒಂದು ವರ್ಷದೊಳಗೆ ತಿರುಗಿ ಬರತ್ತೆ, ಔಷಧಿ ಕೆಟ್ಟದ್ದಂತಲ್ಲ, ಯೀಸ್ಟನ್ನ ಮೈಯಿಂದ ಪೂರ್ತಿ ಓಡ್ಸೋಕಾಗಲ್ಲ, ಹದದಲ್ಲಿ ಇಡಬಹುದು ಅಷ್ಟೆ. ಒಬ್ಬೊಬ್ರ ಚರ್ಮದ ಗುಣ, ಅಪ್ಪ ಅಮ್ಮನಿಂದ ಬಂದದ್ದೂ ಇದ್ರಲ್ಲಿ ಸೇರಿದೆ. ಹಾಗಾಗಿ ವಾಸಿಯಾದವ್ರು ಕಲೆಗೆ ಕಾಯದೆ ಮಾರ್ಚಿಂದ ಮಳೆ ಮುಗಿಯೋ ತನಕ ತಿಂಗಳಿಗೊಂದು ದಿನ ಅದೇ ಶಾಂಪೂ ಅದೇ ಐದು ನಿಮಿಷ ಹಾಕ್ಕೊಳ್ಳಿ. ತಾರೀಖು 1 ಅಂತ ಇಟ್ಕೊಂಡ್ರೆ ಮರೆಯಲ್ಲ. ಆ ತಿಂಗಳುಗಳಲ್ಲಿ ಮೈಗೆ ತೆಂಗಿನೆಣ್ಣೆ ಹಚ್ಚಿ ಹಾಗೇ ಬಿಡೋದು ನಿಲ್ಸಿ, ನಮ್ಮ ಕಡೆ ಇದನ್ನ ಹೇಳಿದ್ರೆ ಅಜ್ಜಿಯಂದಿರು ಬೈತಾರೆ, ಆದ್ರೂ ಅದು ಫಂಗಸ್ಸಿಗೆ ಊಟ ಬಡಿಸಿದ ಹಾಗೆ. ಬೆವರಿದ ಬನಿಯನ್ ಅಲ್ಲೇ ಒಣಗೋಕೆ ಬಿಡದೆ ಬದಲಾಯ್ಸಿ.

ಹುಡುಗನ ಬೆನ್ನಲ್ಲಿ ಪುಡಿ ಎದ್ದಿತ್ತು. ಪಾಲಿಯೆಸ್ಟರ್ ಯೂನಿಫಾರ್ಮ್, ಮುಂದೆ ಕಾವಲಿ, ರಾತ್ರಿ ಅಮ್ಮ ಕಳ್ಸಿದ ತೆಂಗಿನೆಣ್ಣೆ, ಮೂರೂ ಇತ್ತು. ಒಂದು ಬಾಟಲ್ ಶಾಂಪೂ ಕೊಟ್ಟೆ, ಒಳಗೆ ಹತ್ತಿ ಬನಿಯನ್ ಎರಡು ಇಟ್ಕೊಂಡು ಮಧ್ಯಾಹ್ನ ಒಂದು ಬದಲಾಯ್ಸು ಅಂದೆ. ತಿಂಗಳ ಮೇಲೆ ಬಂದು ಮುಖ ಸಣ್ಣ ಮಾಡಿ "ಹೋಗಿಲ್ಲ ಅಣ್ಣ" ಅಂದ. ಕೆರೆದೆ, ಪುಡಿ ಇಲ್ಲ. ಇನ್ನೇನೂ ಹಚ್ಚಬೇಡ, ದೀಪಾವಳಿ ತನಕ ಕಾಯಿ ಅಂತ ಹೇಳಿ ಬರಿಗೈಲಿ ಕಳ್ಸಿದೆ. ಅವನಿಗೆ ಅನುಮಾನ ಹೋಗಿರ್ಲಿಲ್ಲ, ಹೋಗುವಾಗ ಪಕ್ಕದ ಮೆಡಿಕಲ್ ಕಡೆ ಒಂದ್ಸಲ ತಿರುಗಿ ನೋಡ್ಕೊಂಡೇ ಹೋದ.