ಹನ್ನೊಂದು ಉಪಾಯ ಮಾಡಿದರೂ ನಿದ್ದೆ ಬರಲಿಲ್ಲ

ಅಮ್ಮನ ಆಪರೇಷನ್ ಆದಾಗ ಮೂರು ರಾತ್ರಿ ಆಸ್ಪತ್ರೆಯಲ್ಲಿ ಎಚ್ಚರ ಇದ್ದೆ. ಅಮ್ಮ ಹುಷಾರಾಗಿ ಮನೆಗೆ ಬಂದರು. ನನಗೆ ಮಾತ್ರ ನಿದ್ದೆ ವಾಪಸ್ ಬರಲಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ನನಗೆ ಇದ್ದ ಚಿಂತೆ ಒಂದೇ, ಇವತ್ತು ನಿದ್ದೆ ಬರುತ್ತೋ ಇಲ್ವೋ ಅನ್ನೋದು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ರಾತ್ರಿ ಹಾಸಿಗೆಯಲ್ಲೂ ಲೆಕ್ಕ ಬಿಡಲಿಲ್ಲ. ಹನ್ನೆರಡೂವರೆ ಆಯ್ತು, ಈಗ ಬಂದರೂ ಐದೂವರೆ ಗಂಟೆ ಸಿಗುತ್ತೆ. ಒಂದೂವರೆ ಆಯ್ತು, ನಾಲ್ಕೂವರೆ. ಪ್ರತಿ ಸಲ ಗಡಿಯಾರ ನೋಡಿದಾಗಲೂ ಎದೆ ಢವಢವ ಅನ್ನೋದು. ಅಪರೂಪಕ್ಕೆ ಕಣ್ಣು ಎಳೆದರೆ, "ಹಾ, ಬಂತು!" ಅಂತ ಖುಷಿಯಾಗೋದು. ಆ ಖುಷಿಗೇ ಪೂರ್ತಿ ಎಚ್ಚರ.

ಕೊನೆಗೆ ಒಬ್ಬರು ಮನಃಶಾಸ್ತ್ರಜ್ಞೆಯ ಹತ್ತಿರ ಹೋದೆ. "ನಿದ್ದೆಗೋಸ್ಕರ ಏನೇನು ಮಾಡ್ತೀರಿ, ಬರೆದುಕೊಂಡು ಬನ್ನಿ" ಅಂದರು. ಜಾಯಿಕಾಯಿ ಹಾಕಿದ ಹಾಲು, ಅಂಗಾಲಿಗೆ ಎಣ್ಣೆ, ಸಂಜೆ ನಾಲ್ಕರ ಮೇಲೆ ಕಾಫಿ ಇಲ್ಲ, ಮೊಬೈಲಿನಲ್ಲಿ ಮಳೆ ಸದ್ದು, ಉಸಿರು ಎಣಿಸೋದು, ಒಂಬತ್ತಕ್ಕೇ ಹಾಸಿಗೆ... ಒಟ್ಟು ಹನ್ನೊಂದು ಆಯ್ತು.

ಪಟ್ಟಿ ಓದಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಯಜಮಾನರು ನಿದ್ದೆ ಮಾಡೋಕೆ ಏನು ಮಾಡ್ತಾರೆ?"

"ಅವರಾ? ಏನೂ ಮಾಡಲ್ಲ ಮೇಡಂ. ಬಿದ್ದುಕೊಳ್ತಾರೆ."

ಮೇಡಂ ವಿವರಿಸಿದ್ದು ಹೀಗೆ. ಕೈ ಎತ್ತಬೇಕು ಅಂದರೆ ಎತ್ತಬಹುದು. ನಿದ್ದೆ ಹಾಗಲ್ಲ, ಅದು ಊಟ ಅರಗೋ ಹಾಗೆ, ತಾನಾಗಿ ಆಗಬೇಕು. ನಿದ್ದೆ ಬಂತಾ ಅಂತ ನೋಡೋಕೆ ಒಳಗೆ ಯಾರೋ ಒಬ್ಬರು ಎಚ್ಚರ ಇರಲೇಬೇಕಲ್ವಾ? ಗ್ಲಾಸ್ಗೋದ ನಿದ್ರಾ ಸಂಶೋಧಕ ಕಾಲಿನ್ ಎಸ್ಪಿ 2006ರಲ್ಲಿ ಇದನ್ನೇ ಮೂರು ಹೆಜ್ಜೆಯಾಗಿ ಹೇಳಿದ್ದಾರೆ. ಮೊದಲು ಗಮನ ನಿದ್ದೆಯ ಮೇಲೆ ಹೋಗುತ್ತದೆ, ಆಮೇಲೆ ಮಲಗಲೇಬೇಕು ಅನ್ನೋ ಹಟ, ಕೊನೆಗೆ ಪ್ರಯತ್ನ. ಚೆನ್ನಾಗಿ ನಿದ್ದೆ ಮಾಡುವವರಲ್ಲಿ ಈ ಮೂರೂ ಇರುವುದಿಲ್ಲ.

ನನಗೆ ಕೊಟ್ಟ ಕೆಲಸ ತಲೆಕೆಳಗಾಗಿತ್ತು. ದೀಪ ಆರಿಸಿ ಮಲಗಬೇಕು, ಕಣ್ಣು ತೆರೆದೇ ಇರಬೇಕು, "ಇನ್ನೊಂದು ಸ್ವಲ್ಪ ಹೊತ್ತು ಎಚ್ಚರ ಇರೋಣ" ಅಂದುಕೊಳ್ಳಬೇಕು. ಮೊಬೈಲ್ ಇಲ್ಲ, ಪುಸ್ತಕ ಇಲ್ಲ, ಎದ್ದು ಓಡಾಡೋದೂ ಇಲ್ಲ. ರೆಪ್ಪೆ ತಾನಾಗಿ ಮುಚ್ಚಿದರೆ ಮುಚ್ಚಲಿ. ಆಸ್ಟ್ರಿಯಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಹುಟ್ಟುಹಾಕಿದ ಹಳೆಯ ವಿಧಾನವಂತೆ.

ಮೂರು ರಾತ್ರಿ ಸೋತೆ. ಯಾಕೆ ಅಂತ ನಾಲ್ಕನೇ ದಿನ ಹೊಳೆಯಿತು. ಕಣ್ಣು ತೆರೆದು ಮಲಗಿ, ಐದು ನಿಮಿಷಕ್ಕೊಮ್ಮೆ "ಕೆಲಸ ಮಾಡ್ತಿದೆಯಾ?" ಅಂತ ಕೇಳಿಕೊಳ್ಳುತ್ತಿದ್ದೆ. ಅಂದರೆ ಇದೂ ನನ್ನ ಹನ್ನೆರಡನೇ ಉಪಾಯ ಆಗಿಬಿಟ್ಟಿತ್ತು! ಬಾಯಲ್ಲಿ ಎಚ್ಚರ ಇರೋಣ, ಮನಸ್ಸಿನಲ್ಲಿ ಬೇಗ ಬಾರಪ್ಪ.

ಎಚ್ಚರ ಇರೋದಕ್ಕೆ ನಿಜವಾಗಿ ಒಪ್ಪಬೇಕಾದರೆ ನಾಳೆಯ ಭಯ ಇಳಿಯಬೇಕಿತ್ತು. ಅದಕ್ಕೆ ಮೇಡಂ ಒಂದು ಪರೀಕ್ಷೆ ಹೇಳಿದರು. ನಿದ್ದೆ ಕೆಟ್ಟ ದಿನ ಬೆಳಿಗ್ಗೆ, ಇವತ್ತು ಏನಾಗುತ್ತೆ ಅಂತ ಬರೆದಿಡಬೇಕು. ಸಂಜೆ ಏನಾಯ್ತು ಅಂತ ಪಕ್ಕದಲ್ಲಿ ಬರೆಯಬೇಕು. ನಾನು ಬರೆದದ್ದು: "ಬೋರ್ಡಿನ ಮುಂದೆ ಲೆಕ್ಕ ಮರೆತುಹೋಗುತ್ತೆ, ಮಕ್ಕಳು ನಗ್ತಾರೆ." ಸುಮಾರು ಮೂರು ಗಂಟೆ ಮಲಗಿ ನಾಲ್ಕು ಪೀರಿಯಡ್ ತೆಗೆದುಕೊಂಡೆ. ಸಂಜೆ ಬರೆದದ್ದು: "ಕಣ್ಣುರಿ. ಮಧ್ಯಾಹ್ನ ಒಬ್ಬ ಹುಡುಗನ ಮೇಲೆ ಸುಮ್ನೆ ರೇಗಿದೆ. ವರ್ಗ ಸಮೀಕರಣ ಮುಗಿಯಿತು." ಇಂಥ ಆರೇಳು ಪುಟ ತುಂಬಿದ ಮೇಲೆ ಭಯದ ಬಾಯಿ ಸ್ವಲ್ಪ ಮುಚ್ಚಿತು.

ಜೊತೆಗೆ ಹಾಸಿಗೆ ಸಮಯವನ್ನೂ ಕತ್ತರಿಸಿದರು. ಒಂಬತ್ತು ಗಂಟೆ ಹೊತ್ತು ಹಾಸಿಗೆಯಲ್ಲಿದ್ದು ಐದು ಗಂಟೆ ಮಲಗುತ್ತಿದ್ದೆ. ಉಳಿದ ನಾಲ್ಕು ಗಂಟೆ ಒದ್ದಾಟಕ್ಕೇ ಮೀಸಲು. ಅದಕ್ಕೇ ಹನ್ನೆರಡರಿಂದ ಆರು ಅಂತ ನಿಗದಿ ಮಾಡಿ, ನಿದ್ದೆ ಗಟ್ಟಿಯಾದ ಹಾಗೆ ವಾರಕ್ಕೆ ಹದಿನೈದು ನಿಮಿಷ ಸೇರಿಸಿದರು. ಮೊದಲ ಎರಡು ವಾರ ಹಗಲು ಎಷ್ಟು ತೂಕಡಿಕೆ ಅಂದರೆ ಸ್ಕೂಟಿ ಬಿಟ್ಟು ಬಸ್ಸಿನಲ್ಲಿ ಹೋದೆ. ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆದು ಉಸಿರು ಕಟ್ಟುವವರು, ಬೈಪೋಲಾರ್ ಅಥವಾ ಫಿಟ್ಸ್ ಇರುವವರು ಹೀಗೆ ತಾವೇ ನಿದ್ದೆ ಕಡಿಮೆ ಮಾಡಿಕೊಳ್ಳಬಾರದು, ಮೊದಲು ಡಾಕ್ಟರನ್ನು ಕೇಳಬೇಕು.

ಗಡಿಯಾರ ಈಗ ಅಡುಗೆಮನೆಯಲ್ಲಿದೆ. ಕಾಫಿ, ಸಂಜೆ ಐದಕ್ಕೆ ಅರ್ಧ ಲೋಟ ಕುಡಿಯುತ್ತೇನೆ. ಹೋದ ತಿಂಗಳು ಪರೀಕ್ಷಾ ಡ್ಯೂಟಿಯ ಹಿಂದಿನ ರಾತ್ರಿ ಮತ್ತೆ ಎಚ್ಚರವಾಯಿತು. ಎಷ್ಟು ಗಂಟೆಯೋ ಗೊತ್ತಿಲ್ಲ. ಪಕ್ಕದಲ್ಲಿ ಇವರ ಗೊರಕೆ, ಹೊರಗೆ ಹಾಲಿನ ಗಾಡಿ ಇನ್ನೂ ಬಂದಿರಲಿಲ್ಲ. ಫ್ಯಾನ್ ನೋಡುತ್ತಾ ಬಿದ್ದುಕೊಂಡಿದ್ದೆ. ಹಾಲಿನ ಗಾಡಿ ಬಂದದ್ದು ಕೇಳಿದ ನೆನಪಿಲ್ಲ.