ಒಪಿಟಿ ಶುರುವಾಗುವ ದಿನವನ್ನು ನಾನು ಆರಿಸಿಕೊಂಡದ್ದು ಹೀಗೆ

ಅಮೆರಿಕದಲ್ಲಿ ಮಾಸ್ಟರ್ಸ್ ಮುಗಿಸುತ್ತಿರುವವರು ರೆಸ್ಯೂಮೆ, ಇಂಟರ್‌ವ್ಯೂ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಸಿಗುವ ಅನುಮತಿ, ಅಂದರೆ ಒಪಿಟಿ, ಯಾವತ್ತಿನಿಂದ ಶುರುವಾಗಬೇಕು ಅನ್ನುವುದನ್ನು ಫಾರ್ಮ್ ತುಂಬುವ ದಿನ ಯೋಚಿಸುತ್ತಾರೆ. ನನ್ನ ಕೆಲಸದ ಹುಡುಕಾಟ ಪೂರ್ತಿ ನಿಂತಿದ್ದು ಆ ತಾರೀಖಿನ ಮೇಲೆ.

ನಾನು ಕಂಪ್ಯೂಟರ್ ಸೈನ್ಸ್ ಓದಿದ್ದು. 2023ರ ಮೇ 10 ಯೂನಿವರ್ಸಿಟಿ ಕೊಟ್ಟ ಐ-20 ದಾಖಲೆಯಲ್ಲಿದ್ದ ನನ್ನ ಕೋರ್ಸ್ ಮುಗಿಯುವ ದಿನ. ಒಪಿಟಿಗೆ ಅದಕ್ಕಿಂತ 90 ದಿನ ಮೊದಲಿನಿಂದ, ಮುಗಿದ ಮೇಲೆ 60 ದಿನದ ತನಕ ಅರ್ಜಿ ಹಾಕಬಹುದು. ಅಂದರೆ ಫೆಬ್ರವರಿ 9ರಿಂದ ಜುಲೈ 9. ಅರ್ಜಿ ಬೇಗ ಹಾಕಿದರೆ ಒಪಿಟಿಯೂ ಬೇಗ ಶುರುವಾಗಲೇಬೇಕು ಅಂತ ಹಲವರು ತಿಳಿದಿದ್ದಾರೆ. ಹಾಗಿಲ್ಲ. ಇವೆರಡೂ ಬೇರೆ ಬೇರೆ. ಅರ್ಜಿ ಬೇಗ ಹಾಕಿದರೆ ಒಪಿಟಿಯ ಕಾರ್ಡ್ ಸಮಯಕ್ಕೆ ಕೈಗೆ ಬರುತ್ತದೆ. ಶುರುವಿನ ದಿನವನ್ನು ಮಾತ್ರ ಮೇ 11ರಿಂದ ಜುಲೈ 9ರ ನಡುವೆ ನಾವೇ ಆರಿಸಬಹುದು.

ಈ ದಿನಕ್ಕೆ ಯಾಕಿಷ್ಟು ಬೆಲೆ? ಮೊದಲ ವರ್ಷದ ಒಪಿಟಿಯಲ್ಲಿ ಕೆಲಸವಿಲ್ಲದೆ ಇರಲು ಒಟ್ಟು 90 ದಿನ ಮಾತ್ರ ಅವಕಾಶ. ಆ ಎಣಿಕೆ ಶುರುವಾಗುವುದು ಕಾರ್ಡ್‌ನಲ್ಲಿರುವ ತಾರೀಖಿನಿಂದ. ಮೇ 11 ಅಂತ ಹಾಕಿದ್ದರೆ ನನ್ನ 90 ದಿನ ಆಗಸ್ಟ್ 8ಕ್ಕೆ ಮುಗಿಯುತ್ತಿತ್ತು. ಜುಲೈ 9 ಅಂತ ಹಾಕಿದರೆ ಅಕ್ಟೋಬರ್ 6ರ ತನಕ ಸಮಯ. ಅದು ಟೆಕ್ ಕಂಪನಿಗಳಲ್ಲಿ ಲೇಆಫ್ ನಡೆಯುತ್ತಿದ್ದ ವರ್ಷ. ದೊಡ್ಡ ಕಂಪನಿಗಳು ಹೊಸಬರನ್ನು ಹಿಂದಿನ ವರ್ಷದ ಆಗಸ್ಟ್‌ನಿಂದಲೇ ಆರಿಸಲು ಶುರು ಮಾಡುತ್ತವೆ. ಆ ಸುತ್ತಿನಲ್ಲಿ ನನಗೆ ಸಿಕ್ಕಿರಲಿಲ್ಲ. ಉಳಿದದ್ದು ಮಧ್ಯಮ ಗಾತ್ರದ ಕಂಪನಿಗಳು. ಅವು ಜಾಗ ಖಾಲಿಯಾದಾಗ ಕರೆಯುತ್ತವೆ, ಕೆಲವೇ ವಾರಗಳಲ್ಲಿ ಸೇರಿಸಿಕೊಳ್ಳುತ್ತವೆ. ನನಗೆ ಬೇಕಿದ್ದದ್ದು ಬೇಸಿಗೆ ಪೂರ್ತಿ ಹುಡುಕುವ ಸಮಯ. ಹಾಗಾಗಿ ಜುಲೈ 9 ಆರಿಸಿದೆ.

ಇದಕ್ಕೊಂದು ಬೆಲೆ ಇದೆ. ಜೂನ್‌ನಲ್ಲೇ ಆಫರ್ ಬಂದರೂ ಜುಲೈ 9ಕ್ಕೆ ಮೊದಲು ಸೇರುವ ಹಾಗಿಲ್ಲ. ಅರ್ಜಿ ಮಂಜೂರಾದ ಮೇಲೆ ದಿನ ಬದಲಾಯಿಸುವುದೂ ಕಷ್ಟ. ಕೈಯಲ್ಲಿ ಆಫರ್ ಇದ್ದು, ಜೂನ್‌ನಲ್ಲೇ ಬನ್ನಿ ಅಂತ ಕಂಪನಿ ಹೇಳಿದ್ದರೆ ಮುಂಚಿನ ದಿನವೇ ಸರಿ.

ನನ್ನ ಸಹಪಾಠಿಯೊಬ್ಬ ಮೇ 11 ಹಾಕಿದ್ದ. ಜುಲೈ ಮುಗಿಯುವಾಗಲೂ ಕೆಲಸ ಸಿಕ್ಕಿರಲಿಲ್ಲ. ಅವನು ತನ್ನ ವಿಷಯಕ್ಕೇ ಸೇರಿದ ಸಂಶೋಧನೆಯಲ್ಲಿ ಪ್ರೊಫೆಸರ್ ಜೊತೆ ಸಂಬಳವಿಲ್ಲದೆ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಹಿಡಿದ. ಅದನ್ನು ವಿದ್ಯಾರ್ಥಿ ವೀಸಾದವರಿಗಾಗಿ ಸರ್ಕಾರ ನಡೆಸುವ ಎಸ್‌ಇವಿಪಿ ಪೋರ್ಟಲ್‌ನಲ್ಲಿ ದಾಖಲಿಸಿದ. ಮೊದಲ ವರ್ಷದ ಒಪಿಟಿಯಲ್ಲಿ ಇದು ನಡೆಯುತ್ತದೆ, ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ ಸಿಗುವ ವಿಸ್ತರಣೆಯ ಎರಡು ವರ್ಷದಲ್ಲಿ ಮಾತ್ರ ನಡೆಯುವುದಿಲ್ಲ. ಅಲ್ಲಿ ಸಂಬಳ ಇರಲೇಬೇಕು, ನೌಕರರಿಗೆ ಕೆಲಸ ಮಾಡುವ ಅರ್ಹತೆ ಇದೆಯಾ ಅಂತ ಪರಿಶೀಲಿಸುವ ಸರ್ಕಾರಿ ವ್ಯವಸ್ಥೆ ಇ-ವೆರಿಫೈನಲ್ಲಿ ಕಂಪನಿ ಇರಲೇಬೇಕು.

ಅರ್ಜಿ ಹಾಕುವ ಮೊದಲು ಪ್ರತಿ ಕಂಪನಿಯ ಬಗ್ಗೆ ಎರಡು ವಿಷಯ ನೋಡುತ್ತಿದ್ದೆ. ಇ-ವೆರಿಫೈ ಪಟ್ಟಿಯಲ್ಲಿ ಹೆಸರಿದೆಯಾ? ಕಂಪನಿ ಸ್ಪಾನ್ಸರ್ ಮಾಡಬೇಕಾದ ಕೆಲಸದ ವೀಸಾ ಎಚ್-1ಬಿ; ವಲಸೆ ಇಲಾಖೆ ಯುಎಸ್‌ಸಿಐಎಸ್‌ನ ಎಚ್-1ಬಿ ಡೇಟಾ ಹಬ್‌ನಲ್ಲಿ ಹಿಂದಿನ ವರ್ಷಗಳಲ್ಲಿ ಮಂಜೂರಾದ ಅರ್ಜಿಗಳಿವೆಯಾ? 'ಈಗ ಅಥವಾ ಮುಂದೆ ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ' ಅನ್ನುವ ಪ್ರಶ್ನೆಗೆ ಹೌದು ಅಂತಲೇ ಬರೆದೆ. ಇಲ್ಲ ಅಂದರೆ ಸುಳ್ಳಾಗುತ್ತದೆ, ಕೆಲಸಕ್ಕೇ ಕುತ್ತು. ಆದರೆ ರಿಕ್ರೂಟರ್ ಮಾತಾಡುವಾಗ ಒಂದು ಮಾತು ಸೇರಿಸುತ್ತಿದ್ದೆ: 'ಸ್ಟೆಮ್ ವಿಸ್ತರಣೆ ಸೇರಿ ಮೂರು ವರ್ಷ ಎಚ್-1ಬಿ ಇಲ್ಲದೆಯೇ ಕೆಲಸ ಮಾಡಬಹುದು.' ಇದು ಗೊತ್ತಿಲ್ಲದ ರಿಕ್ರೂಟರ್‌ಗಳು ಬಹಳ ಜನ ಸಿಕ್ಕರು.

ಆಗಸ್ಟ್ ಕೊನೆಗೆ ಆಫರ್ ಬಂತು. ಸಂಬಳಕ್ಕಿಂತ ಮೊದಲು ನಾನು ಕೇಳಿದ್ದು ಎಚ್-1ಬಿ ಬಗ್ಗೆ. 'ಸ್ಪಾನ್ಸರ್ ಮಾಡ್ತೀರಾ' ಅಂತ ಮಾತ್ರ ಕೇಳಿದರೆ ಹೌದು ಅನ್ನುವ ಉತ್ತರ ಸುಲಭವಾಗಿ ಸಿಗುತ್ತದೆ. 'ಯಾವ ಮಾರ್ಚ್‌ನಲ್ಲಿ ನೋಂದಣಿ ಮಾಡ್ತೀರಾ' ಅಂತ ಕೇಳಬೇಕು. ವರ್ಷಕ್ಕೊಮ್ಮೆ, ಮಾರ್ಚ್‌ನಲ್ಲಿ, ಎಚ್-1ಬಿ ಲಾಟರಿಗೆ ಆ ನೋಂದಣಿ ನಡೆಯುತ್ತದೆ. ಆಯ್ಕೆಯಾದರೆ ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಎಚ್-1ಬಿ. ನನ್ನ ಒಪಿಟಿ ಮತ್ತು ವಿಸ್ತರಣೆ ಸೇರಿದರೆ 2026ರ ಜುಲೈ ತನಕ. ಹಾಗಾಗಿ 2024, 2025, 2026, ಮೂರು ಮಾರ್ಚ್ ಸಿಗುತ್ತಿದ್ದವು. ಆದರೆ ಆ ಕಂಪನಿಯ ನಿಯಮ ಒಂದು ವರ್ಷ ಕೆಲಸ ಮಾಡಿದ ಮೇಲೆ ಸ್ಪಾನ್ಸರ್ ಮಾಡುವುದು. ಅದರಂತೆ ನಡೆದಿದ್ದರೆ ಮೊದಲ ಮಾರ್ಚ್ ಹೋಗುತ್ತಿತ್ತು. ಮೂರು ಅವಕಾಶ ಎರಡಾಗುತ್ತಿತ್ತು. ಮ್ಯಾನೇಜರ್ ಹತ್ತಿರ ಈ ಲೆಕ್ಕ ಬಿಡಿಸಿ ಹೇಳಿದೆ. 2024ರ ಮಾರ್ಚ್‌ನಲ್ಲೇ ನೋಂದಣಿ ಮಾಡುತ್ತೇವೆ ಅಂತ ಎಚ್‌ಆರ್‌ನಿಂದ ಇಮೇಲ್ ಬಂತು, ಆಮೇಲೆ ಸಹಿ ಹಾಕಿದೆ.

ಸ್ಟೆಮ್ ಅಲ್ಲದ ಕೋರ್ಸ್ ಓದಿದವರಿಗೆ ಈ ಪ್ರಶ್ನೆ ಇನ್ನೂ ಮುಖ್ಯ. ಅವರಿಗೆ ಒಪಿಟಿ 12 ತಿಂಗಳು ಮಾತ್ರ, ಅದರೊಳಗೆ ಬರುವುದು ಒಂದೇ ಮಾರ್ಚ್. ಒಂದು ವರ್ಷ ಕಾಯಿಸುವ ಕಂಪನಿ ಅವರಿಗೆ ಸ್ಪಾನ್ಸರ್ ಮಾಡದ ಕಂಪನಿಯೇ.